ಬಟ್ಟೆ ಲೇಬಲ್‌ನ ಫೋಟೋ: ಒಂದು ಎಚ್ಚರಿಕೆಯೂ ಬಿಟ್ಟುಹೋಗದಂತೆ ಕನ್ನಡಕ್ಕೆ ತರುವುದು ಹೇಗೆ?

ಉಣ್ಣೆ ಸ್ವೆಟರ್ ಒಂದರ ಲೇಬಲ್ ಫೋಟೋ ಮುಂದಿದೆ ಅಂದುಕೊಳ್ಳಿ. ಮೇಲೆ ಆರು ಚಿಹ್ನೆ, ಕೆಳಗೆ ಇಂಗ್ಲಿಷ್ ಮತ್ತು ಜರ್ಮನ್ ಸಾಲುಗಳು.

ಮೊದಲು ಫೋಟೋ ಸರಿ ಇದೆಯಾ ನೋಡಿ. ಲೇಬಲ್ ಮಡಚಿಕೊಂಡಿದ್ದರೆ ಬಿಡಿಸಿ, ಎರಡೂ ಬದಿ ತೆಗೆಯಿರಿ. ಚಿಹ್ನೆಯ ಕೆಳಗಿನ ಸಣ್ಣ ಗೆರೆ, ಮಾಸಿದ ಅಡ್ಡ ಗುರುತು ಫೋಟೋದಲ್ಲಿ ಬೇಗ ಮಾಯವಾಗುತ್ತವೆ. ದೊಡ್ಡದು ಮಾಡಿ ನೋಡಿದರೂ ಕಾಣದಿದ್ದರೆ ಊಹಿಸಬೇಡಿ, ಮತ್ತೆ ಫೋಟೋ ತೆಗೆಯಿರಿ.

ಈಗ ಚಿಹ್ನೆಗಳಿಗೆ ಬನ್ನಿ. ನೀರಿನ ಟಬ್‌ನಲ್ಲಿ 30, ಕೆಳಗೆ ಎರಡು ಗೆರೆ. 30 ಡಿಗ್ರಿ ಸೆಲ್ಸಿಯಸ್ ಅನ್ನುವುದು ಗರಿಷ್ಠ ಮಿತಿ. ತಣ್ಣಗಿನ ನೀರಾದರೂ ನಡೆಯುತ್ತದೆ, ಬಿಸಿ ಅದಕ್ಕಿಂತ ಜಾಸ್ತಿ ಆಗಬಾರದು. ಎರಡು ಗೆರೆ ಎಂದರೆ ತೀರಾ ಮೃದುವಾದ ವಾಶ್. ಜನ ಬಿಟ್ಟುಬಿಡುವುದು ಇದನ್ನೇ. ಉಣ್ಣೆಯ ಎಳೆಗಳ ಮೇಲೆ ಸಣ್ಣ ಹೊರಪೊರೆಗಳಿರುತ್ತವೆ. ಮೆಷಿನ್ ಜೋರಾಗಿ ಕುಲುಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ನೀರು 30 ಡಿಗ್ರಿಯೇ ಇದ್ದರೂ ಹೀಗಾಗಬಹುದು, ಆಮೇಲೆ ಸರಿಹೋಗುವುದು ಕಷ್ಟ.

ಉಳಿದವು ಸುಲಭ. ಕಾಟು ಹಾಕಿದ ತ್ರಿಕೋನ: ಬ್ಲೀಚ್ ಬೇಡ. ಚೌಕದೊಳಗೆ ವೃತ್ತ, ಅದರ ಮೇಲೆ ಕಾಟು: ಡ್ರೈಯರ್‌ಗೆ ಹಾಕಬಾರದು. ಚೌಕದೊಳಗೆ ಅಡ್ಡಗೆರೆ: ಹರಡಿ ಒಣಗಿಸಿ, ನೇತುಹಾಕಬೇಡಿ. ಒಂದು ಚುಕ್ಕೆಯ ಇಸ್ತ್ರಿ ಪೆಟ್ಟಿಗೆ: ಕಡಿಮೆ ಬಿಸಿ, ಹಬೆ ಬೇಡ. ವೃತ್ತದಲ್ಲಿ ಪಿ ಅಕ್ಷರ, ಕೆಳಗೆ ಒಂದು ಗೆರೆ: ಡ್ರೈ ಕ್ಲೀನ್ ಮಾಡಬಹುದು, ಆದರೆ ಮೃದುವಾಗಿ. ಆ ಅಕ್ಷರವನ್ನು ಹಾಗೇ ಉಳಿಸಿ. ಯಾವ ದ್ರಾವಕ ಬಳಸಬಹುದೆಂದು ಡ್ರೈ ಕ್ಲೀನರ್‌ಗೆ ಅದೇ ಹೇಳುತ್ತದೆ.

ಚಿಹ್ನೆ ಓದಿ ನಿಲ್ಲಿಸಬೇಡಿ. ಕೆಲವು ಎಚ್ಚರಿಕೆ ಬರೀ ಅಕ್ಷರದಲ್ಲೇ ಇರುತ್ತವೆ. ನಮ್ಮ ಲೇಬಲ್‌ನ ಇಂಗ್ಲಿಷ್ ಸಾಲುಗಳು ಬೇರೆಯಾಗಿ ಒಗೆಯಿರಿ, ಹಿಂಡಬೇಡಿ ಎಂದಷ್ಟೇ ಹೇಳುತ್ತವೆ. ಜರ್ಮನ್‌ನಲ್ಲಿ ಇವೆರಡರ ಜೊತೆ 'ಔಫ್ ಲಿಂಕ್ಸ್ ವಾಶೆನ್' ಎಂದೂ ಇದೆ. ಪದಕ್ಕೆ ಪದ ಇಟ್ಟರೆ 'ಎಡಕ್ಕೆ ಒಗೆಯಿರಿ' ಎಂದಾಗಿ ಅರ್ಥವೇ ಕೆಡುತ್ತದೆ. ಒಳಮೈ ಹೊರಗೆ ಮಾಡಿ ಒಗೆಯಿರಿ ಅನ್ನುವುದು ಸರಿ. ಹಾಗೇ ಜರ್ಮನ್‌ನಲ್ಲೇ ಇರುವ ಇನ್ನೊಂದು ಸಾಲು 'ನಿಖ್ಟ್ ಹೈಸ್ ಬ್ಯೂಗೆಲ್ನ್' ಅಂದರೆ ಜಾಸ್ತಿ ಬಿಸಿ ಇಸ್ತ್ರಿ ಬೇಡ ಎಂದು, ಇಸ್ತ್ರಿಯೇ ಬೇಡ ಎಂದಲ್ಲ. ಒಂದು ಚುಕ್ಕೆಯ ಚಿಹ್ನೆಗೂ ಇದು ಹೊಂದುತ್ತದೆ, ಅಲ್ವಾ? ಒಂದು ಭಾಷೆಯಲ್ಲಿರುವುದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡನ್ನೂ ಸೇರಿಸಿಕೊಳ್ಳಿ. ಒಂದಕ್ಕೊಂದು ಹೊಂದದಿದ್ದರೆ ಬಿಗಿಯಾದ ಸೂಚನೆಯನ್ನೇ ಇಟ್ಟುಕೊಳ್ಳಿ.

ಬರೆದಾದ ಮೇಲೆ 'ಬೇಡ'ಗಳನ್ನು ಎಣಿಸಿ. ಇಲ್ಲಿ ಚಿಹ್ನೆಗಳಲ್ಲಿ ಎರಡು ಕಾಟು, ಅಕ್ಷರದಲ್ಲಿ ಎರಡು ನಿಷೇಧ. ಕನ್ನಡದಲ್ಲೂ ಬ್ಲೀಚ್, ಡ್ರೈಯರ್, ಹಿಂಡುವುದು, ಜಾಸ್ತಿ ಬಿಸಿ ಇಸ್ತ್ರಿ ಈ ನಾಲ್ಕೂ ಸಿಗಬೇಕು. ಮೂರೇ ಸಿಕ್ಕರೆ ಫೋಟೋಗೆ ಮತ್ತೆ ಹೋಗಿ.