ಕ್ವಾರ್ಟರ್ ಟು ಟೆನ್ ಎಂದರೆ ಹತ್ತೂಕಾಲಲ್ಲ: ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ ಗಡಿಯಾರದ ಮಾತು

ಬ್ರಿಟನ್ನಿಗೆ ಬಂದ ಮೊದಲ ತಿಂಗಳಲ್ಲಿ ನಮ್ಮವರು ಇಂಗ್ಲಿಷಿನಲ್ಲಿ ತಡವರಿಸುವ ಜಾಗ ಆಫೀಸಿನ ಮೀಟಿಂಗ್ ಅಲ್ಲ. ಅಲ್ಲಿ ಟೈಮ್ ಕ್ಯಾಲೆಂಡರಿನಲ್ಲಿ ಅಂಕಿಯಲ್ಲೇ ಇರುತ್ತದೆ. ಕಷ್ಟ ಆಗುವುದು ಫೋನಿನಲ್ಲಿ. ಡಾಕ್ಟರ ಸರ್ಜರಿಯ (ಇಲ್ಲಿ ಕ್ಲಿನಿಕ್ಕಿಗೇ ಸರ್ಜರಿ ಎನ್ನುತ್ತಾರೆ) ರಿಸೆಪ್ಷನಿಸ್ಟ್, ಬಾಯ್ಲರ್ ರಿಪೇರಿಗೆ ಬರುವವನು, ಮಗುವಿನ ಶಾಲೆಯ ಆಫೀಸ್, ಮನೆ ತೋರಿಸುವ ಏಜೆಂಟ್, ಇವರು ಯಾರೂ ‘ನೈನ್ ಫಾರ್ಟಿಫೈವ್’ ಎಂದು ಬಿಡಿಸಿ ಹೇಳುತ್ತಾ ಕೂರುವುದಿಲ್ಲ. ‘ಕ್ವಾರ್ಟರ್ ಟು ಟೆನ್’, ‘ಹಾಫ್ ನೈನ್’, ‘ಜಸ್ಟ್ ಗಾನ್ ಟೆನ್’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಇದರಲ್ಲಿ ನಮಗೆ ತೊಡಕಾಗುವುದು ಗಡಿಯಾರದ ಎಡಭಾಗ ಮಾತ್ರ. ಬಲಭಾಗದಲ್ಲಿ, ಅಂದರೆ ಗಂಟೆ ಹೊಡೆದ ಮೇಲಿನ ಮೊದಲ ಅರ್ಧದಲ್ಲಿ, ಕನ್ನಡವೂ ಇಂಗ್ಲಿಷೂ ಒಂದೇ ದಾರಿಯಲ್ಲಿ ಹೋಗುತ್ತವೆ. ಒಂಬತ್ತೂಕಾಲು ಎಂದರೆ ಕ್ವಾರ್ಟರ್ ಪಾಸ್ಟ್ ನೈನ್. ಒಂಬತ್ತೂವರೆ ಎಂದರೆ ಹಾಫ್ ಪಾಸ್ಟ್ ನೈನ್. ಎರಡರಲ್ಲೂ ಒಂಬತ್ತೇ ಇದೆ. ಮುಳ್ಳು ಆರು ದಾಟಿದ ಮೇಲೆ ದಾರಿ ಬೇರೆಯಾಗುತ್ತದೆ. ನಾವು ಇನ್ನೂ ಒಂಬತ್ತನ್ನೇ ಹಿಡಿದುಕೊಂಡು ಒಂಬತ್ತೂಮುಕ್ಕಾಲು ಎನ್ನುತ್ತೇವೆ. ಅವರು ಆಗಲೇ ಹತ್ತಕ್ಕೆ ಹೋಗಿ, ಅದಕ್ಕೆ ಎಷ್ಟು ಬಾಕಿ ಎಂದು ಲೆಕ್ಕ ಹೇಳುತ್ತಾರೆ. 9.45 ಅವರಿಗೆ ಕ್ವಾರ್ಟರ್ ಟು ಟೆನ್. ಹನ್ನೆರಡೂಮುಕ್ಕಾಲು ಅವರಿಗೆ ಕ್ವಾರ್ಟರ್ ಟು ಒನ್.

ತಪ್ಪು ಹೇಗೆ ಆಗುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡಿ. ನೀವು ಸರ್ಜರಿಗೆ ಫೋನ್ ಮಾಡಿದ್ದೀರಿ. ಆ ಕಡೆಯಿಂದ ‘ಕ್ಯಾನ್ ಯೂ ಮೇಕ್ ಕ್ವಾರ್ಟರ್ ಟು ಟೆನ್?’ ಎಂದು ಕೇಳುತ್ತಾರೆ. ಇಲ್ಲಿನವರ ಬಾಯಲ್ಲಿ ಆ ‘ಟು’ ಒತ್ತಿ ಬರುವುದೇ ಇಲ್ಲ. ಮುಂದಿನ ‘ಟೆನ್’ ಕೂಡ ಟಕಾರದಲ್ಲೇ ಶುರುವಾಗುವುದರಿಂದ ಎರಡೂ ಅಂಟಿಕೊಂಡು ‘ಕ್ವಾರ್ಟಟ್ಟೆನ್’ ಎಂದು ಕೇಳಿಸುತ್ತದೆ. ನಿಮ್ಮ ಕಿವಿಗೆ ಬಿದ್ದದ್ದು ಎರಡೇ ಮಾತು: ಕಾಲು, ಹತ್ತು. ಅವನ್ನು ಜೋಡಿಸಿದರೆ ತಲೆಯಲ್ಲಿ ತಾನಾಗೇ ‘ಹತ್ತೂಕಾಲು’ ಬಂದುಬಿಡುತ್ತದೆ. ನೀವು ‘ಯೆಸ್, ಥ್ಯಾಂಕ್ಯೂ’ ಎಂದು ಫೋನ್ ಇಡುತ್ತೀರಿ. ಮಾರನೆಯ ದಿನ ಹತ್ತಾಗಿ ಹತ್ತು ನಿಮಿಷಕ್ಕೆ, ಐದು ನಿಮಿಷ ಮೊದಲೇ ಬಂದೆ ಎಂಬ ನೆಮ್ಮದಿಯಲ್ಲಿ ಅಲ್ಲಿ ನಿಂತಿರುತ್ತೀರಿ. ನಿಮ್ಮ ಅಪಾಯಿಂಟ್‌ಮೆಂಟ್ ಇದ್ದದ್ದು 9.45ಕ್ಕೆ. ಇಪ್ಪತ್ತೈದು ನಿಮಿಷ ತಡ. ಅಷ್ಟು ತಡವಾದರೆ ‘ಬೇರೆ ದಿನ ಬುಕ್ ಮಾಡಿ’ ಎಂದು ಕಳಿಸಿಬಿಡಬಹುದು. ನೆಗಡಿಗಾದರೆ ಪರವಾಗಿಲ್ಲ, ಜ್ವರ ಬಂದ ಮಗುವನ್ನು ಎತ್ತಿಕೊಂಡು ಹೋಗಿದ್ದರೆ ನಿಜಕ್ಕೂ ಕಷ್ಟ.

ಹಾಗಾಗಿ ಕ್ವಾರ್ಟರ್ ಎಂಬ ಮಾತು ಕೇಳಿದ ತಕ್ಷಣ ಗಂಟೆಯ ಕಡೆ ಓಡಬೇಡಿ. ನಡುವೆ ‘ಪಾಸ್ಟ್’ ಬಂತಾ ಎಂದು ಗಮನಿಸಿ. ‘ಪಾಸ್ಟ್’ ಎಷ್ಟು ಬೇಗ ಹೇಳಿದರೂ ಕಿವಿಗೆ ಬೀಳುತ್ತದೆ, ನುಂಗಿ ಹೋಗುವುದು ‘ಟು’ ಮಾತ್ರ. ಇಂಗ್ಲೆಂಡಿನಲ್ಲಿ ಕಾಲು ಗಂಟೆಯ ಲೆಕ್ಕದಲ್ಲಿ ‘ಪಾಸ್ಟ್’ ಕೇಳಿಸಲಿಲ್ಲ ಎಂದರೆ ಅದು ‘ಟು’ ಎಂದೇ ಹಿಡಿಯಿರಿ. ಆಮೇಲೆ ಅವರು ಹೇಳಿದ ಗಂಟೆಯಲ್ಲಿ ಒಂದು ಕಳೆದು ಮುಕ್ಕಾಲು ಸೇರಿಸಿ. ಟೆನ್ ಅಂದರೆ ಒಂಬತ್ತೂಮುಕ್ಕಾಲು, ಫೋರ್ ಅಂದರೆ ಮೂರೂಮುಕ್ಕಾಲು. ಬೆಳಗಾವಿ ಕಡೆಯವರಿಗೆ, ಹಿಂದಿ ಚೆನ್ನಾಗಿ ಬಲ್ಲವರಿಗೆ ಇದು ಬೇಗ ಹತ್ತುತ್ತದೆ. ಮರಾಠಿಯ ಪಾವಣೆ ದಹಾ, ಹಿಂದಿಯ ಪೌನೇ ದಸ್ ಕೂಡ ಹತ್ತನ್ನು ಹೆಸರಿಸಿಯೇ 9.45 ಹೇಳುತ್ತವೆ ಅಲ್ವಾ, ಅದೇ ಲೆಕ್ಕ.

ಇಷ್ಟಾದರೂ ಫೋನ್ ಇಡುವ ಮೊದಲು ಅಂಕಿಯಲ್ಲಿ ಒಮ್ಮೆ ತಿರುಗಿ ಹೇಳಿ. ‘ಸೋ ದಟ್ಸ್ ನೈನ್ ಫಾರ್ಟಿಫೈವ್?’ ಎಂದರೆ ಸಾಕು, ಇಲ್ಲಿ ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ. ಒಂದೇ ಕಡೆ ಇದು ಕೈಕೊಡುತ್ತದೆ: ಫಿಫ್ಟೀನ್ ಮತ್ತು ಫಿಫ್ಟಿ. ‘ಟೆನ್ ಫಿಫ್ಟೀನ್’ ಮತ್ತು ‘ಟೆನ್ ಫಿಫ್ಟಿ’ ಫೋನಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕೇಳಿಸುತ್ತವೆ, ಅದರಲ್ಲೂ ನಮ್ಮ ಉಚ್ಚಾರಣೆಯಲ್ಲಿ. ನಾವು ಎರಡು ಮಾತಿಗೂ ಮೊದಲ ಅಕ್ಷರವನ್ನೇ ಒತ್ತುತ್ತೇವೆ, ಅವರು ಫಿಫ್ಟೀನ್‌ನಲ್ಲಿ ಕೊನೆಯ ‘ಟೀನ್’ ಅನ್ನು ಒತ್ತಿ ಎಳೆಯುತ್ತಾರೆ. ಅಂಥ ಕಡೆ ಉಲ್ಟಾ ಮಾಡಿ. 10.15ಕ್ಕೆ ‘ಕ್ವಾರ್ಟರ್ ಪಾಸ್ಟ್ ಟೆನ್’ ಎನ್ನಿ, 10.50ಕ್ಕೆ ‘ಟೆನ್ ಟು ಇಲೆವೆನ್’ ಎನ್ನಿ. ಆಗ ಎರಡರ ನಡುವೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಇನ್ನು ‘ಹಾಫ್ ನೈನ್’. ಹೊಸಬರು ಇದಕ್ಕೆ ಜಾಸ್ತಿ ಹೆದರುತ್ತಾರೆ, ಹೆದರಬೇಕಾಗಿಲ್ಲ. ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಹಾಫ್ ನೈನ್ ಎಂದರೆ ಹಾಫ್ ಪಾಸ್ಟ್ ನೈನ್, ‘ಪಾಸ್ಟ್’ ಬಿಟ್ಟಿದ್ದಾರೆ ಅಷ್ಟೇ. ನಮ್ಮ ಒಂಬತ್ತೂವರೆಯೇ ಅದು. ಹಾಫ್ ಟ್ವೆಲ್ವ್ ಎಂದರೆ ಹನ್ನೆರಡೂವರೆ. ಆದರೆ ಹೀಗೆ ‘ಪಾಸ್ಟ್’ ಬಿಡುವುದು ಹಾಫ್‌ಗೆ ಮಾತ್ರ. ಅದನ್ನು ನೋಡಿ ಕ್ವಾರ್ಟರಿಗೂ ಹಚ್ಚಬೇಡಿ.

ನಿಜವಾಗಿ ಎಚ್ಚರ ಬೇಕಾಗುವುದು ಜರ್ಮನಿಯಲ್ಲಿ ಇದ್ದು ಇಲ್ಲಿಗೆ ಬಂದವರಿಗೆ. ಅಲ್ಲಿ ‘ಹಾಲ್ಬ್ ನೊಯ್ನ್’ ಎಂದರೆ ಎಂಟೂವರೆ. ಒಂಬತ್ತನೆಯ ಗಂಟೆ ಅರ್ಧ ಆಗಿದೆ ಎಂಬುದು ಅವರ ಲೆಕ್ಕ, ನೆದರ್ಲೆಂಡ್ಸ್‌ನಲ್ಲೂ ಹಾಗೆಯೇ. ಕೇಳಲು ಒಂದೇ ಥರ ಇದ್ದರೂ ನಡುವೆ ಪೂರ್ತಿ ಒಂದು ಗಂಟೆ ವ್ಯತ್ಯಾಸ. ಅಮೆರಿಕಕ್ಕೆ ಹೋದರೆ ‘ಹಾಫ್ ನೈನ್’ ಎಂದವರ ಮುಖವನ್ನೇ ನೋಡುತ್ತಾರೆ, ಅಲ್ಲಿ ಆ ರೂಢಿ ಇಲ್ಲ. ಅಲ್ಲಿ ಒಂಬತ್ತೂಕಾಲಿಗೆ ‘ಕ್ವಾರ್ಟರ್ ಆಫ್ಟರ್ ನೈನ್’ ಎನ್ನುವುದೂ ಉಂಟು, ಒಂಬತ್ತೂಮುಕ್ಕಾಲಿಗೆ ‘ಕ್ವಾರ್ಟರ್ ಆಫ್ ಟೆನ್’ ಎನ್ನುವವರೂ ಇದ್ದಾರೆ.

ಊಟಕ್ಕೆ ಕರೆದಾಗ ಬರುವ ಇನ್ನೊಂದು ಮಾತು ‘ಸೆವೆನ್ ಫಾರ್ ಹಾಫ್ ಸೆವೆನ್’. ಕಾರ್ಡಿನಲ್ಲಿ ‘7 for 7.30’ ಎಂದು ಬರೆದಿರುತ್ತಾರೆ. ಏಳರಿಂದ ಬರಬಹುದು, ಏಳೂವರೆಗೆ ಊಟಕ್ಕೆ ಕೂರುತ್ತಾರೆ ಎಂದು ಅರ್ಥ. ಏಳಕ್ಕೆ ಸರಿಯಾಗಿ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ, ಏಳೂಕಾಲಿಗೆ ಹೋದರೆ ಚೆಂದ. ಏಳೂವರೆ ದಾಟಿದರೆ ಮಾತ್ರ ಎಲ್ಲರನ್ನೂ ಕಾಯಿಸಿದಂತೆ.

ಈಗ ಅಂದಾಜಿನ ಮಾತುಗಳಿಗೆ ಬರೋಣ. ನಮ್ಮಲ್ಲಿ ಒಂಬತ್ತು ಐವತ್ತೆರಡಕ್ಕೆ ‘ಹತ್ತಾಗ್ತಾ ಬಂತು’ ಎನ್ನುತ್ತೇವೆ, ಮಕ್ಕಳನ್ನು ಎಬ್ಬಿಸುವಾಗ ಒಂಬತ್ತೂವರೆಗೇ ‘ಹತ್ತಾಯ್ತು, ಏಳೋ’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಆಗಿದೆಯೋ ಆಗಿಲ್ಲವೋ ಎಂಬುದನ್ನು ಬೇರೆ ಬೇರೆ ಮಾತಿನಿಂದ ಹೇಳುತ್ತಾರೆ. ‘ನಿಯರ್ಲಿ ಟೆನ್’, ‘ಕಮಿಂಗ್ ಅಪ್ ಟು ಟೆನ್’ ಎಂದರೆ ಹತ್ತು ಇನ್ನೂ ಆಗಿಲ್ಲ, ಕೆಲವೇ ನಿಮಿಷ ಬಾಕಿ ಇದೆ. ‘ಜಸ್ಟ್ ಗಾನ್ ಟೆನ್’ ಎಂದರೆ ಹತ್ತಾಗಿ ಒಂದೆರಡು ನಿಮಿಷ ಕಳೆದಿದೆ. ‘ಟೆನಿಶ್’, ‘ಅರೌಂಡ್ ಟೆನ್’ ಎಂದರೆ ನಮ್ಮ ‘ಹತ್ತರ ಹೊತ್ತಿಗೆ’, ಆಚೆಗೂ ಆಗಬಹುದು, ಈಚೆಗೂ ಆಗಬಹುದು. ಬಸ್ ಸ್ಟಾಪಿನಲ್ಲಿ ಯಾರೋ ಟೈಮ್ ಕೇಳಿದರೆ ಈ ವ್ಯತ್ಯಾಸ ಮುಖ್ಯ. ಹತ್ತರ ಬಸ್ಸಿಗೆ ಕಾಯುತ್ತಿರುವವರಿಗೆ 9.57ಕ್ಕೆ ‘ಇಟ್ಸ್ ಟೆನ್’ ಎಂದರೆ ಬಸ್ ಹೋಗಿಬಿಟ್ಟಿತೇನೋ ಎಂದುಕೊಳ್ಳುತ್ತಾರೆ. ‘ನಿಯರ್ಲಿ ಟೆನ್’ ಎನ್ನಿ. ‘ಟೆನಿಶ್’ ಎಂಬುದು ಸ್ನೇಹಿತರ ಜೊತೆ ಕಾಫಿಗೆ ಸರಿ, ಡಾಕ್ಟರ ಬಳಿ, ಕೆಲಸದ ಶಿಫ್ಟಿಗೆ ನಡೆಯುವುದಿಲ್ಲ.

ಗಂಟೆಯನ್ನೇ ಹೇಳದೆ ‘ಟ್ವೆಂಟಿ ಟು’ ಎಂದಷ್ಟೇ ಹೇಳುವುದೂ ಉಂಟು. ‘ದ ನೆಕ್ಸ್ಟ್ ವನ್ಸ್ ಅಟ್ ಟ್ವೆಂಟಿ ಟು’ ಎಂದರೆ ಮುಂದಿನ ಗಂಟೆಗೆ ಇಪ್ಪತ್ತು ನಿಮಿಷ ಇರುವಾಗ, ಅಂದರೆ ನಲವತ್ತನೆಯ ನಿಮಿಷಕ್ಕೆ. ಕೇಳುವಾಗ ಇಪ್ಪತ್ತೆರಡು ಎಂದು ತಿಳಿಯಬೇಡಿ.

ಮನೆಯಲ್ಲಿ ಮಕ್ಕಳಿದ್ದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಇಂಗ್ಲೆಂಡಿನ ಶಾಲೆಗಳ ಪಠ್ಯಕ್ರಮದಲ್ಲಿ ಇಯರ್ 1ರಲ್ಲಿ ಪೂರ್ಣ ಗಂಟೆ ಮತ್ತು ಹಾಫ್ ಪಾಸ್ಟ್, ಇಯರ್ 2ರಲ್ಲಿ ಕ್ವಾರ್ಟರ್ ಪಾಸ್ಟ್, ಕ್ವಾರ್ಟರ್ ಟು ಕಲಿಸುತ್ತಾರೆ. ಆ ವಯಸ್ಸಿನ ಮಗು ಊರಿನ ಅಜ್ಜಿಗೆ ಫೋನಿನಲ್ಲಿ ‘ಹತ್ತಕ್ಕೆ ಕಾಲು ಅಜ್ಜಿ’ ಎಂದರೆ, ಅಜ್ಜಿ ‘ಹತ್ತೂಕಾಲಾ ಪುಟ್ಟಾ?’ ಎಂದು ಕೇಳುವುದು ಸಹಜ. ಮಗು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ. ‘ಹತ್ತಕ್ಕೆ ಇನ್ನೂ ಕಾಲು ಗಂಟೆ ಇದೆ’, ‘ಹತ್ತಕ್ಕೆ ಐದು ನಿಮಿಷ ಇದೆ’ ಎಂದು ನಾವೂ ಹೇಳುತ್ತೇವೆ. ಆ ‘ಇದೆ’ಯನ್ನು ಬಿಡಬಾರದು ಎಂದು ಹೇಳಿಕೊಡಿ. ಬರೀ ‘ಹತ್ತಕ್ಕೆ’ ಎಂದರೆ ಹತ್ತು ಗಂಟೆಗೆ ಎಂದೇ ಕೇಳಿಸುತ್ತದೆ. ಮುಕ್ಕಾಲು ಕಲಿಸುವಾಗ ಒಂದು ರೊಟ್ಟಿಯನ್ನು ನಾಲ್ಕು ಪಾಲು ಮಾಡಿ ಮೂರು ಪಾಲು ತೋರಿಸಿ, ಮೂರು ಕಾಲು ಸೇರಿದರೆ ಮುಕ್ಕಾಲು ಎಂದು. ಮಕ್ಕಳಿಗೆ ಎರಡು ಲೆಕ್ಕವೂ ಬರಲಿ. ಅಜ್ಜಿಯ ಜೊತೆ ಮಾತಾಡುವಾಗ ಅಜ್ಜಿಯ ಲೆಕ್ಕದಲ್ಲೇ ಹೇಳಿದರೆ ಅವರಿಗೆ ಎಷ್ಟು ಖುಷಿಯಾಗುತ್ತದೆ ಎಂದು ನಾನು ನೋಡಿದ್ದೇನೆ.

ಊರಿಗೆ ಫೋನ್ ಮಾಡುವ ಹೊತ್ತನ್ನು ಹೊಂದಿಸುವಾಗಲೂ ಈ ಕಾಲು, ಅರೆ, ಮುಕ್ಕಾಲು ಕೆಲಸಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಎರಡರಲ್ಲೂ ಅರ್ಧ ಗಂಟೆ ಇರುವುದರಿಂದ ನಮ್ಮ ಕಾಲು ಅಲ್ಲಿ ಯಾವಾಗಲೂ ಮುಕ್ಕಾಲು, ನಮ್ಮ ಮುಕ್ಕಾಲು ಅಲ್ಲಿ ಕಾಲು, ನಮ್ಮ ಅರೆ ಅಲ್ಲಿ ಪೂರ್ಣ ಗಂಟೆ. ಬೇಸಿಗೆಯಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಾದರೆ ಊರಲ್ಲಿ ರಾತ್ರಿ ಎಂಟೂಮುಕ್ಕಾಲು, ಚಳಿಗಾಲದಲ್ಲಿ ಒಂಬತ್ತೂಮುಕ್ಕಾಲು. ಗಡಿಯಾರ ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಬೇಗ ಮಲಗುವ ಹಿರಿಯರು ಮನೆಯಲ್ಲಿದ್ದರೆ, ಅಕ್ಟೋಬರ್ ಮುಗಿಯುತ್ತಿದ್ದಂತೆ ನಿಮ್ಮ ಫೋನನ್ನು ಮೂರೂಕಾಲಿಗೆ ತಂದುಕೊಳ್ಳಿ. ಅವರಿಗೆ ಅದು ಮೊದಲಿನ ಎಂಟೂಮುಕ್ಕಾಲೇ.