ಜಾಹೀರಾತಿಗೆ ಎಷ್ಟು ಹಣ? ನಮ್ಮ ಕೋಚಿಂಗ್ ತರಗತಿಯ ಲೆಕ್ಕ

ವಿಜಯಪುರದಲ್ಲಿ ಸೈನಿಕ ಶಾಲೆ ಇರುವುದರಿಂದ ಆರನೇ ತರಗತಿಯ ಪ್ರವೇಶ ಪರೀಕ್ಷೆಗೆ ತರಬೇತಿ ಕೊಡುವವರಿಗೆ ಇಲ್ಲಿ ಬರವಿಲ್ಲ. ನಾವೂ ಅದನ್ನೇ ಮಾಡುತ್ತೇವೆ, ಜೊತೆಗೆ ನವೋದಯ. ಹೀಗಾಗಿ ಪ್ರಚಾರಕ್ಕೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ಪಕ್ಕದವರ ಫ್ಲೆಕ್ಸ್ ನೋಡಿ ತೀರ್ಮಾನಿಸದೆ, ಒಂದು ಮಗುವಿನ ಶುಲ್ಕದಿಂದ ಶುರು ಮಾಡಿದೆ.

ಶುಲ್ಕ 20,000 ರೂಪಾಯಿ. ಪುಸ್ತಕ, ಮಾದರಿ ಪರೀಕ್ಷೆ, ಶಿಕ್ಷಕರ ಸಂಬಳ, ಬಾಡಿಗೆ ಎಲ್ಲದರ ಪಾಲು ಕಳೆದರೆ 4,000 ಉಳಿಯುತ್ತದೆ. ಅದರಲ್ಲಿ ಅರ್ಧ, ಅಂದರೆ 2,000, ಒಂದು ಪ್ರವೇಶಕ್ಕೆ ನಾನು ತೆರಬಹುದಾದ ಗರಿಷ್ಠ ಬೆಲೆ. ಜೂನ್ ಬ್ಯಾಚಿನ ಅರ್ಧ ಸೀಟುಗಳು ಹಳೆಯ ಪಾಲಕರ ಮಾತಿನಿಂದಲೇ ತುಂಬುತ್ತವೆ. ಹೊಸದಾಗಿ ಬೇಕಾದವರು 30 ಮಕ್ಕಳು. ಹಾಗಾಗಿ ಒಟ್ಟು ಮಿತಿ 60,000.

ಮಾರ್ಚ್‌ನಲ್ಲಿ ಮೂರು ದಾರಿಗಳಿಗೆ ತಲಾ 6,000 ಹಾಕಿದೆ: ದಿನಪತ್ರಿಕೆಯೊಳಗೆ ಇಡುವ ಕರಪತ್ರ, ಫೇಸ್‌ಬುಕ್-ಇನ್‌ಸ್ಟಾಗ್ರಾಂ ಜಾಹೀರಾತು, ಭಾನುವಾರದ ಉಚಿತ ಮಾದರಿ ಪರೀಕ್ಷೆ. 6,000 ಏಕೆಂದರೆ ಅದು ಒಂದು ಪ್ರವೇಶದ ಗರಿಷ್ಠ ಬೆಲೆಯ ಮೂರು ಪಟ್ಟು. ಪ್ರವೇಶಕ್ಕೆ ನಿಜವಾಗಿ 2,000 ತಗಲುವ ದಾರಿಯಾಗಿದ್ದರೆ ಸುಮಾರು ಮೂರು ಮಕ್ಕಳು ಬರಬೇಕು. ಒಬ್ಬರೂ ಬಾರದೆ ಹೋಗುವ ಸಾಧ್ಯತೆ ನೂರಕ್ಕೆ ಐದರಷ್ಟು. ಆದ್ದರಿಂದ ಸೊನ್ನೆ ಬಂದ ದಾರಿಯನ್ನು ಧೈರ್ಯವಾಗಿ ಬಿಡಬಹುದು. ಎರಡಕ್ಕೂ ಮೂರಕ್ಕೂ ನಡುವಿನ ವ್ಯತ್ಯಾಸದಿಂದ ಮಾತ್ರ ಏನನ್ನೂ ಹೇಳಲಾಗದು.

ಮೂರಕ್ಕೂ ಬೇರೆ ಬೇರೆ ಮೊಬೈಲ್ ಸಂಖ್ಯೆ ಕೊಟ್ಟಿದ್ದೆವು. "ಹೇಗೆ ಗೊತ್ತಾಯಿತು?" ಎಂದು ಕೇಳಿದರೆ ಪಾಲಕರು "ಯಾರೋ ಹೇಳಿದರು" ಎನ್ನುತ್ತಾರೆ, ಕೈಯಲ್ಲಿ ನಮ್ಮ ಕರಪತ್ರವೇ ಇದ್ದರೂ! ವಿಚಾರಣೆಗಳನ್ನಲ್ಲ, ಮೊದಲ ಕಂತು ಕಟ್ಟಿದವರನ್ನು ಮಾತ್ರ ಎಣಿಸಿದೆವು. ಫೋನ್ ಮಾಡಿದವರು ಹಣ ಕಟ್ಟಲು ಎರಡು ಮೂರು ವಾರ ತೆಗೆದುಕೊಳ್ಳುವುದರಿಂದ ಅಲ್ಲಿಯವರೆಗೆ ತೀರ್ಪು ಕೊಡಲಿಲ್ಲ.

ಫೇಸ್‌ಬುಕ್‌ನಿಂದ ನೂರಕ್ಕೂ ಹೆಚ್ಚು ವಿಚಾರಣೆಗಳು ಬಂದವು. ಹಣ ಕಟ್ಟಿದವರು ಇಬ್ಬರು. ವಿಚಾರಣೆಯ ಲೆಕ್ಕ ಹಿಡಿದಿದ್ದರೆ ಇದೇ ಎಲ್ಲಕ್ಕಿಂತ ಅಗ್ಗದ ದಾರಿಯಾಗಿ ಕಾಣುತ್ತಿತ್ತು. ಕರಪತ್ರದಿಂದ ಯಾರೂ ಬರಲಿಲ್ಲ. ಮಾದರಿ ಪರೀಕ್ಷೆ ಬರೆದವರಲ್ಲಿ ಐವರು ಸೇರಿದರು, ತಲಾ 1,200. ಕಾರಣ ಸರಳ: ಮಗುವಿನ ಉತ್ತರ ಪತ್ರಿಕೆಯನ್ನು ಎದುರಿಗಿಟ್ಟು ಗಣಿತದಲ್ಲಿ ಎಲ್ಲಿ ತಪ್ಪಿದೆ ಎಂದು ತೋರಿಸಿದಾಗ ತಂದೆತಾಯಿ ಕುಳಿತು ಕೇಳುತ್ತಾರೆ.

ಉಳಿದ 42,000ವನ್ನು ಒಮ್ಮೆಲೇ ಅದಕ್ಕೆ ಸುರಿಯಲಿಲ್ಲ, ಕಂತುಗಳಲ್ಲಿ ಹೆಚ್ಚಿಸಿದೆ. ನಗರದ ಬೇರೆ ಬಡಾವಣೆಗಳಲ್ಲಿ, ತಿಕೋಟಾದಲ್ಲಿ ಲೆಕ್ಕ ಹಿಡಿತದಲ್ಲಿತ್ತು. ಸಿಂದಗಿ, ಇಂಡಿಗಳಲ್ಲಿ ಪರೀಕ್ಷೆಗೆ ಮಕ್ಕಳು ಕಿಕ್ಕಿರಿದರು, ಆದರೆ ಪ್ರತಿ ಪ್ರವೇಶದ ಖರ್ಚು 2,000 ದಾಟಿತು. ಅಷ್ಟು ದೂರದಿಂದ ಬರುವ ಹತ್ತು ವರ್ಷದ ಮಗುವಿಗೆ ವಸತಿ ಬೇಕು, ನಮ್ಮಲ್ಲಿ ಅದಿಲ್ಲ. ಅಲ್ಲಿಗೆ ನಿಲ್ಲಿಸಿ, ಫೇಸ್‌ಬುಕ್ ಜಾಹೀರಾತನ್ನು "ಪ್ರವೇಶ ಆರಂಭ" ಎಂಬುದರಿಂದ "ಈ ಭಾನುವಾರ ಉಚಿತ ಮಾದರಿ ಪರೀಕ್ಷೆ" ಎಂದು ಬದಲಿಸಿ, ನಗರದ ಸುತ್ತಲಿನ 20 ಕಿಲೋಮೀಟರಿಗೆ ಸೀಮಿತಗೊಳಿಸಿದೆ. ಜಾಹೀರಾತಿನ ಹಣವನ್ನೂ ಪರೀಕ್ಷೆಯ ಖರ್ಚನ್ನೂ ಕೂಡಿಸಿದರೆ ಒಂದು ಪ್ರವೇಶಕ್ಕೆ ಈಗ ಸುಮಾರು 1,700 ಬೀಳುತ್ತಿದೆ.