ಗೂಗಲ್ ಖಾತೆಯ ಹುಡುಕಾಟ ಮತ್ತು ಓಡಾಟದ ದಾಖಲೆಗಳನ್ನು ನಾನು ಅಳಿಸಿದ ಬಗೆ

ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ನಾನು ಉಡುಪಿಯಿಂದ ಕುಂದಾಪುರ, ಕಾರ್ಕಳ, ಮಣಿಪಾಲ, ಮೂಡುಬಿದಿರೆ ಎಂದು ದಿನವಿಡೀ ಬೈಕಿನಲ್ಲಿ ಸುತ್ತುತ್ತೇನೆ. ತಿಂಗಳ ಕೊನೆಗೆ ಪ್ರಯಾಣಭತ್ಯೆಯ ಲೆಕ್ಕ ಬರೆಯುವಾಗ ಗೂಗಲ್ ಮ್ಯಾಪ್ಸ್‌ನ ಟೈಮ್‌ಲೈನ್ ನನಗೆ ಬೇಕೇಬೇಕು. ಆದರೆ ಮನೆಯಲ್ಲಿ ಅಮ್ಮನ ಕಾಯಿಲೆಯ ಬಗ್ಗೆ ಅದೇ ಖಾತೆಯಲ್ಲಿ ಹುಡುಕಿದ ಮಾತುಗಳು ವರ್ಷಗಟ್ಟಲೆ ಉಳಿದಿರುವುದು ನನಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ಎಲ್ಲವನ್ನೂ ಒಮ್ಮೆಗೇ ಅಳಿಸದೆ, ಯಾವುದು ಎಷ್ಟು ಕಾಲ ಇರಬೇಕೆಂದು ಬೇರೆ ಬೇರೆಯಾಗಿ ನಿರ್ಧರಿಸಿದೆ.

ಮೊದಲು ಗಮನಿಸಬೇಕಾದದ್ದೆಂದರೆ, ಈ ಖಾತೆಯಲ್ಲಿ ದಾಖಲೆಗಳು ಒಂದೇ ಕಡೆ ಇರುವುದಿಲ್ಲ. ಹುಡುಕಾಟ, ಮ್ಯಾಪ್ಸ್‌ನಲ್ಲಿ ಹುಡುಕಿದ ಅಂಗಡಿ, ಆ್ಯಪ್ ಬಳಕೆ ಮುಂತಾದವು Web & App Activity ಎಂಬಲ್ಲಿ ಸೇರುತ್ತವೆ. ಯೂಟ್ಯೂಬ್‌ನದು ಬೇರೆ. ನಾವು ಹೋಗಿಬಂದ ಊರು, ದಾರಿಗಳು Timeline ಎಂಬಲ್ಲಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಸ್ವಿಚ್ಚು, ಅದರದೇ ಅವಧಿ. ಸ್ವಿಚ್ಚನ್ನು ಆರಿಸಿದರೆ ಹೊಸದು ಸೇರುವುದು ನಿಲ್ಲುತ್ತದೆಯೇ ಹೊರತು ಹಳೆಯದು ತಾನಾಗಿ ಹೋಗುವುದಿಲ್ಲ. ಅದನ್ನು ಅಳಿಸುವ ಕೆಲಸ ಬೇರೆಯೇ ಇದೆ.

ನಾನು myactivity.google.com ತೆರೆದು, ಮೇಲಿರುವ ಹುಡುಕುವ ಚೌಕದಲ್ಲಿ ಕಾಯಿಲೆಯ ಹೆಸರನ್ನು ಟೈಪ್ ಮಾಡಿದೆ. ಆ ಪದವಿದ್ದ ಹುಡುಕಾಟಗಳೂ ತೆರೆದ ಪುಟಗಳೂ ದಿನಾಂಕದೊಂದಿಗೆ ಸಾಲಾಗಿ ಬಂದವು. ಅವನ್ನು ಅಲ್ಲೇ ಅಳಿಸಿದೆ. ಬಳಿಕ ಔಷಧದ ಹೆಸರು, ಪರೀಕ್ಷೆಯ ಹೆಸರು, ಆಸ್ಪತ್ರೆಯ ಹೆಸರು ಹಾಕಿ ಇದನ್ನೇ ಮಾಡಬೇಕಾಯಿತು, ಏಕೆಂದರೆ ಈ ಚೌಕ ಟೈಪ್ ಮಾಡಿದ ಪದವನ್ನು ಹುಡುಕುತ್ತದೆ, ವಿಷಯವನ್ನಲ್ಲ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹುಡುಕಿದ್ದರೆ ಎರಡನ್ನೂ ಹಾಕಿ ನೋಡುವುದು ಒಳ್ಳೆಯದು.

ಹೀಗೆ ಒಂದೊಂದನ್ನೇ ನೋಡುವಾಗ ಮ್ಯಾಪ್ಸ್‌ನ ಒಂದು ನಮೂದಿನ Details ಒತ್ತಿದೆ. ನಾನು ಆ ಹೊತ್ತಿಗೆ ಸುಮಾರು ಯಾವ ಪ್ರದೇಶದಲ್ಲಿದ್ದೆ ಎಂಬುದೂ ಆ ಮಾಹಿತಿ ನನ್ನ ಸಾಧನದಿಂದ ಬಂದದ್ದೆಂಬುದೂ ಅಲ್ಲಿ ಕಂಡಿತು. ಅಂದರೆ ಟೈಮ್‌ಲೈನನ್ನು ಪೂರ್ತಿ ನಿಲ್ಲಿಸಿದರೂ ಸ್ಥಳದ ಸುಳಿವು Web & App Activity ಎಂಬ ಈ ಇನ್ನೊಂದು ಕಡತದಲ್ಲಿ ಸೇರುತ್ತಲೇ ಇರುತ್ತದೆ. ಇದನ್ನು ಬಳಕೆದಾರರಿಗೆ ಸ್ಪಷ್ಟಪಡಿಸಿರಲಿಲ್ಲವೆಂಬ ಆರೋಪದಲ್ಲಿಯೇ ಗೂಗಲ್ 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳೊಂದಿಗೆ 39.15 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಸ್ಥಳದ ಬಗ್ಗೆ ಕಾಳಜಿಯುಳ್ಳವರು ಎರಡೂ ಕಡೆ ನೋಡಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಅವಧಿಯ ಮಾತು. Web & App Activity ಒಳಗಿನ Auto-delete ಒತ್ತಿದರೆ 3, 18 ಅಥವಾ 36 ತಿಂಗಳು ಎಂಬ ಆಯ್ಕೆಗಳಿರುತ್ತವೆ. ನಾನು 3 ತಿಂಗಳನ್ನು ಆರಿಸಿದೆ. ದೃಢೀಕರಿಸಿದರೆ ಅದಕ್ಕಿಂತ ಹಳೆಯದೂ ಅಳಿಯುತ್ತದೆ, ಮುಂದೆ ಸೇರುವುದೂ ಅವಧಿ ಮುಗಿದಂತೆ ಅಳಿಯುತ್ತಾ ಹೋಗುತ್ತದೆ. ಮೂರು ತಿಂಗಳಿಗಿಂತ ಕಡಿಮೆ ಅವಧಿ ಇಲ್ಲ; ಆದ್ದರಿಂದ ನಿನ್ನೆಯ ಗುಟ್ಟಿನ ಹುಡುಕಾಟಕ್ಕೆ ಈ ವ್ಯವಸ್ಥೆಯಿಂದ ಉಪಯೋಗವಿಲ್ಲ, ಅದನ್ನು ಕೈಯಾರೆ ಅಳಿಸಬೇಕು. ಯೂಟ್ಯೂಬ್‌ಗೂ ಇದೇ ಅವಧಿಯನ್ನು ಬೇರೆಯಾಗಿ ಹಾಕಿದೆ.

ಟೈಮ್‌ಲೈನ್‌ನದು ಈಗ ಸ್ವಲ್ಪ ಬೇರೆ ಕಥೆ. 2023ರ ಡಿಸೆಂಬರ್‌ನಲ್ಲಿ ಗೂಗಲ್ ಘೋಷಿಸಿದ ಬದಲಾವಣೆಯಂತೆ ಇದು ಖಾತೆಯಲ್ಲಿ ಉಳಿಯುವ ಬದಲು ಫೋನಿನಲ್ಲೇ ಉಳಿಯುತ್ತದೆ. ಮ್ಯಾಪ್ಸ್‌ನಲ್ಲಿ ನಮ್ಮ ಚಿತ್ರವನ್ನು ಒತ್ತಿ Your Timeline ತೆರೆದು, ಮೂರು ಚುಕ್ಕಿಗಳ ಮೂಲಕ ಸ್ಥಳದ ಸೆಟ್ಟಿಂಗ್‌ಗೆ ಹೋದರೆ ಅಳಿಸುವ ಅವಧಿ ಸಿಗುತ್ತದೆ. ಭತ್ಯೆಯ ಬಿಲ್ಲು ಪ್ರತಿ ತಿಂಗಳೂ ಹೋಗುವುದರಿಂದ, ಯಾವುದಾದರೂ ದಿನದ ಬಗ್ಗೆ ಆಫೀಸಿನವರು ತಡವಾಗಿ ಪ್ರಶ್ನೆ ಕೇಳಿದರೂ ಸಾಕಾಗುವಂತೆ ಇಲ್ಲಿಯೂ 3 ತಿಂಗಳನ್ನೇ ಇಟ್ಟೆ. ಕ್ಲೌಡ್ ಬ್ಯಾಕಪ್ ಹಾಕಿಕೊಂಡವರು ಅದೇ ಟೈಮ್‌ಲೈನ್ ಪುಟದ ಮೋಡದ ಗುರುತನ್ನು ಒತ್ತಿ, ಹಳೆಯ ಫೋನಿನ ಪ್ರತಿ ಉಳಿದಿದೆಯೇ ಎಂದು ನೋಡಿ ಅದನ್ನೂ ತೆಗೆಯಬೇಕು. ಬ್ಯಾಕಪ್ ಇಲ್ಲದವರ ಟೈಮ್‌ಲೈನ್ ಹೊಸ ಫೋನಿಗೆ ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಅಳಿದಿದೆಯೇ ಎಂದು ತಿಳಿಯಲು ಮತ್ತೆ myactivity.google.com ಪುಟದಲ್ಲಿ ದಿನಾಂಕದ ಫಿಲ್ಟರ್ ಹಾಕಿ ಮೂರು ತಿಂಗಳ ಹಿಂದಿನ ದಿನಗಳನ್ನು ತೆರೆದೆ, ಏನೂ ಬರಲಿಲ್ಲ. ಕ್ರೋಮ್ ಬ್ರೌಸರಿನ ಸ್ವಂತ ಹಿಸ್ಟರಿಯಲ್ಲಿ ಮಾತ್ರ ಹಳೆಯ ಪುಟಗಳ ಹೆಸರುಗಳು ಇನ್ನೂ ಇದ್ದವು. ಅದು ಖಾತೆಯ ಈ ಕಡತಕ್ಕೆ ಸೇರಿದ್ದಲ್ಲವಾದ್ದರಿಂದ ಬ್ರೌಸರಿನ ಹಿಸ್ಟರಿಗೆ ಹೋಗಿ ಬೇರೆಯಾಗಿ ಅಳಿಸಿದೆ. ಮ್ಯಾಪ್ಸ್‌ನಲ್ಲಿ ಮನೆ, ಕಚೇರಿ ಎಂದು ಗುರುತಿಟ್ಟ ಜಾಗಗಳೂ ಫೋಟೊಗಳೊಳಗಿನ ಸ್ಥಳವೂ ಈ ಯಾವ ಅವಧಿಗೂ ಒಳಪಡುವುದಿಲ್ಲ. ಅವುಗಳಲ್ಲಿ ಅಮ್ಮನ ಆಸ್ಪತ್ರೆಯ ಗುರುತನ್ನು ತೆಗೆದು, ಉಳಿದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.